ಪ್ರಕಟನೆ 6ನೇ ಅಧ್ಯಾಯ ದೊಡ್ಡವರ ಕ್ಲಾಸಲ್ಲಿ ತಗೋಬೇಕು, ಜನ ಹೆದರಿ ಕೂತಿದ್ದಾರೆ. ಎಲ್ಲಿಂದ ಶುರು ಮಾಡ್ಲಿ?

ಟೀಚರಮ್ಮ_ಶಿವಮೊಗ್ಗ
ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಲ್ಲಿ ಭಾನುವಾರ ಆರಾಧನೆ ಮುಗಿದ್ಮೇಲೆ ದೊಡ್ಡವರಿಗೆ ಅಂತ ಒಂದು ಬೈಬಲ್ ಕ್ಲಾಸ್ ನಡೆಯುತ್ತೆ, ನಾನೇ ತಗೊಳ್ತೀನಿ. ನಾನು ಪಾಸ್ಟರ್ ಅಲ್ಲ, ಹೈಸ್ಕೂಲಲ್ಲಿ ಸಮಾಜ ಹೇಳ್ಕೊಡ್ತಿದ್ದೆ, ಈಗ ರಿಟೈರ್ಡ್. ಮುಂದಿನ ವಾರ ಬೈಬಲ್ಲಿನ ಕೊನೇ ಪುಸ್ತಕ ಪ್ರಕಟನೆ, ಅದರ ಆರನೇ ಅಧ್ಯಾಯ, ನಾಲ್ಕು ಕುದುರೆ ಬರೋದು. ವಿಷಯ ಏನಪ್ಪಾ ಅಂದ್ರೆ ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ಯಾರೋ ದಿನಾ ವಿಡಿಯೋ ಹಾಕ್ತಾರೆ, ಬಿಳಿ ಕುದುರೆ ಬಂದು ಹೋಯ್ತು, ಕೆಂಪು ಕುದುರೆ ಓಡ್ತಾ ಇದೆ, ಕಪ್ಪು ಕುದುರೆ ಹೊರಟಾಗಿದೆ ಅದಕ್ಕೇ ಬೆಲೆ ಏರ್ತಿರೋದು ಅಂತ ಹಿನ್ನೆಲೆಯಲ್ಲಿ ಗುಡುಗು ಮ್ಯೂಸಿಕ್ ಹಾಕಿ. ನೋಡಿ ನೋಡಿ ಜನ ನಿಜವಾಗ್ಲೂ ಹೆದರಿದ್ದಾರೆ. ಒಬ್ಬರು ಅಜ್ಜಿ ಡ್ರಮ್ಮಲ್ಲಿ ಅಕ್ಕಿ ತುಂಬಿಸಿ ಇಟ್ಟಿದ್ದಾರೆ, ಅದಕ್ಕೆ ಹುಳ ಹತ್ತಿದೆ. ಇನ್ನೊಬ್ಬರು ಮಗನ ಮನೆ ಕೆಲಸ ಫೌಂಡೇಶನ್‌ಗೇ ನಿಲ್ಲಿಸಿದ್ದಾರೆ, ಇನ್ಯಾಕೆ ಕಟ್ಟೋದು ಅಂತ. "ಹೆದರ್ಬೇಡಿ" ಅಂದ್ರೆ ತಲೆ ಆಡಿಸ್ತಾರೆ, ಮನೆಗೆ ಹೋಗಿ ಮತ್ತೆ ಅದೇ ವಿಡಿಯೋ. ಈ ಅಧ್ಯಾಯನ ಹೆದರಿಕೆ ಇಲ್ದೆ ಓದ್ಸೋದು ಹೇಗೆ? ಲೋಕ ಮುಗಿಯುತ್ತೋ ಇಲ್ವೋ ಅನ್ನೋ ವಾದ ಬೇಡ ದಯವಿಟ್ಟು, ಕ್ಲಾಸ್ ಹೇಗೆ ಮಾಡ್ಲಿ ಅಷ್ಟೇ ಹೇಳಿ.

ತೀರ್ಥಳ್ಳಿ_ಸುಬ್ಬು
ಸೀದಾ ಏಳನೇ ಅಧ್ಯಾಯಕ್ಕೆ ಹೋಗಿಬಿಡಿ ಮಾರಾಯ್ರೆ, ಎಂತಕ್ಕೆ ಬೇಕು ರಗಳೆ 😄

ಸೊರಬದ_ಹುಡುಗ
ಬಿಳಿ ಕುದುರೆ ಅಂದ್ರೆ ಕಲ್ಕಿ ಅಲ್ವಾ? ನಮ್ಮಲ್ಲೂ ಅದೇ ಇದೆ. ಆದ್ರೆ ಅಕ್ಕ ನೀವು ಟೆನ್ಶನ್ ಮಾಡ್ಕೋಬೇಡಿ, ಕಲಿಯುಗ ಒಟ್ಟು 4,32,000 ವರ್ಷ, ಶುರುವಾಗಿದ್ದು ಕ್ರಿ.ಪೂ. 3102 ಅಂತಾರೆ, ಅಂದ್ರೆ ಐದು ಸಾವಿರ ಚಿಲ್ಲರೆ ಅಷ್ಟೇ ಆಗಿರೋದು. ಇನ್ನೂ ನಾಲ್ಕು ಲಕ್ಷಕ್ಕಿಂತ ಜಾಸ್ತಿ ಬಾಕಿ ಇದೆ. ಆ ಮನೆ ಕಟ್ಟೋಕೆ ಹೇಳಿ.

ಟೀಚರಮ್ಮ_ಶಿವಮೊಗ್ಗ
ತಮ್ಮಾ ಚೆನ್ನಾಗಿದೆ ನಿನ್ನ ಲೆಕ್ಕ, ಆದ್ರೆ ನಮ್ಮ ಅಜ್ಜಿ ಹತ್ರ ಇದು ನಡೆಯಲ್ಲ.

ಪೇಪರ್‌ಟೌನ್_ಉಪದೇಶಿ
ಟೀಚರಮ್ಮ, ಭದ್ರಾವತಿಯಿಂದ ಬರೀತಿದ್ದೀನಿ, ಈ ಪುಸ್ತಕ ತುಂಬಾ ವರ್ಷ ಹೇಳ್ಕೊಟ್ಟಿದ್ದೀನಿ. ನಾಲ್ಕು ಕುದುರೆ ಎಲ್ಲಾ ಒಂದೇ ಕ್ಲಾಸಲ್ಲಿ ಬಿಡಿಸೋಕೆ ಹೋಗ್ಬೇಡಿ. ಒಂದನ್ನ ಹಿಡ್ಕೊಳ್ಳಿ, ನನ್ನ ಕೇಳಿದ್ರೆ ಕಪ್ಪು ಕುದುರೆ. ಯಾಕಂದ್ರೆ ಅದರಲ್ಲಿ ಒಂದು ರೇಟು ಇದೆ, ರೇಟು ಇರೋ ಕಡೆ ಜನರ ಭಯ ನಿಲ್ಲುತ್ತೆ, ಲೆಕ್ಕ ಶುರುವಾಗುತ್ತೆ.

ಐದು ಆರನೇ ವಚನ ನೋಡಿ. ಸವಾರನ ಕೈಲಿ ಕತ್ತಿ ಇಲ್ಲ, ತಕ್ಕಡಿ ಇದೆ. ಒಂದು ಧ್ವನಿ ಕೂಗಿ ಹೇಳುತ್ತೆ, ಒಂದು ದಿನಾರಿಗೆ ಒಂದು ಅಳತೆ ಗೋಧಿ, ಇಲ್ಲಾ ಮೂರು ಅಳತೆ ಜವೆಗೋಧಿ, ಎಣ್ಣೆಗೂ ದ್ರಾಕ್ಷಾರಸಕ್ಕೂ ಕೈ ಹಾಕ್ಬೇಡ ಅಂತ. ದಿನಾರಿ ಅಂದ್ರೆ ಆಗಿನ ಕೂಲಿಯವನ ಒಂದು ದಿನದ ಸಂಬಳ. ಆ ಅಳತೆ ಹೆಚ್ಚುಕಮ್ಮಿ ಒಂದು ಲೀಟರು, ಒಬ್ಬ ಆಳಿನ ಒಂದು ದಿನದ ಊಟ. ಅಂದ್ರೆ ಬೆಳಗಿಂದ ಸಂಜೆವರೆಗೆ ದುಡಿದ್ರೆ ಗೋಧಿ ತಿನ್ನೋದಾದ್ರೆ ಅವನೊಬ್ಬನ ಹೊಟ್ಟೆಗೆ ಸರಿ, ಹೆಂಡ್ತಿ ಮಕ್ಕಳಿದ್ರೆ ಜವೆಗೋಧಿಗೆ ಇಳೀಬೇಕು, ಉಪ್ಪಿಗೆ ಬಟ್ಟೆಗೆ ಏನೂ ಉಳಿಯಲ್ಲ. ಕ್ಲಾಸಲ್ಲಿ ಇದನ್ನ ನಿಮ್ಮೂರ ಕೂಲಿಗೆ ಹಾಕಿ ತೋರ್ಸಿ. ಆರ್ನೂರು ರೂಪಾಯಿ ಕೂಲಿ ಅಂತ ಇಟ್ಕೊಳ್ಳಿ, ಮುಕ್ಕಾಲು ಕೆಜಿ ಗೋಧಿಗೆ ಆರ್ನೂರು. ಜನ ತಕ್ಷಣ "ಅಯ್ಯೋ" ಅಂತಾರೆ. ಆ "ಅಯ್ಯೋ" ಭಯದ್ದಲ್ಲ, ಅರ್ಥ ಆಗಿದ್ದರದ್ದು.

ಈಗ ಕೇಳಿ, ಇದು ಆಕಾಶದಿಂದ ಉದುರಿದ ರೇಟಲ್ಲ. ಪಿಸಿದ್ಯದ ಅಂತಿಯೋಕ್ಯ ಗೊತ್ತಲ್ಲ, ಅಪೊಸ್ತಲರ ಕೃತ್ಯ 13ರಲ್ಲಿ ಪೌಲ ಹೋಗಿದ್ದ ಊರು. ಅಲ್ಲೊಂದು ಲ್ಯಾಟಿನ್ ಶಾಸನ ಸಿಕ್ಕಿದೆ, ಕ್ರಿ.ಶ. 92-93ರ ಸುಮಾರಿನದ್ದು, ದೊಮಿತಿಯಾನ್ ಚಕ್ರವರ್ತಿ ಕಾಲ. ಆ ವರ್ಷ ಚಳಿ ವಿಪರೀತ ಆಗಿ ಬೆಳೆ ಹೋಗಿ ಧಾನ್ಯದ ಬೆಲೆ ಏರಿತ್ತು. ಅಲ್ಲಿನ ರೋಮನ್ ಗವರ್ನರ್ ಅಂತಿಸ್ತಿಯಸ್ ರುಸ್ತಿಕಸ್ ಆರ್ಡರ್ ಹೊರಡಿಸ್ತಾನೆ, ಯಾರ ಹತ್ರ ಎಷ್ಟು ಧಾನ್ಯ ಇದೆ ಡಿಕ್ಲೇರ್ ಮಾಡಿ, ಬೀಜಕ್ಕೂ ವರ್ಷದ ಮನೆ ಊಟಕ್ಕೂ ಇಟ್ಕೊಂಡು ಮಿಕ್ಕಿದ್ದು ಮಾರಿ, ಒಂದು ಮೋದಿಯಸ್‌ಗೆ ಒಂದು ದಿನಾರಿಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ ಅಂತ. ಒಂದು ಮೋದಿಯಸ್ ಅಂದ್ರೆ ಪ್ರಕಟನೆಯ ಆ ಅಳತೆ ಎಂಟು ಹಿಡಿಯುತ್ತೆ. ಬರಗಾಲದಲ್ಲಿ ಸರ್ಕಾರ ಕಟ್ಟಿದ ಗರಿಷ್ಠ ಬೆಲೆನೇ ದಿನಾರಿಗೆ ಎಂಟು ಅಳತೆ, ಈ ಪುಸ್ತಕ ಬರೆದ ಯೋಹಾನ ಹೇಳ್ತಿರೋದು ದಿನಾರಿಗೆ ಒಂದು. ಎಂಟು ಪಟ್ಟು. ಅವನು ಯಾರಿಗೆ ಬರೆದನೋ ಆ ಏಳು ಊರಿನ ಸಭೆಗಳಲ್ಲಿ ಕೂತು ಕೇಳಿದ ಜನಕ್ಕೆ ಇದು ಭವಿಷ್ಯದ ಒಗಟು ಅನ್ನಿಸಿರಲ್ಲ, "ಓ ಇದು ನಮ್ಮ ಸಂತೆ, ಇನ್ನೂ ಕೆಟ್ಟಿರೋದು" ಅನ್ಸಿರುತ್ತೆ.

ಹಿಸ್ಟರಿ_ಕಿಶೋರ
ಸರ್ ಸೂಪರ್. ನಾನೂ ಅದನ್ನೇ ಹೇಳೋಕೆ ಬಂದೆ, ಇದೆಲ್ಲಾ ರೋಮ್ ಚಕ್ರವರ್ತಿ ನೀರೋ ಕಾಲದ್ದು, ಇದೇ ಪುಸ್ತಕದಲ್ಲಿ ಮೃಗದ ಸಂಖ್ಯೆ ಅಂತ ಬರೋ 666 ಅಂದ್ರೆ ನೀರೋ, ಕ್ರಿ.ಶ. 70ರಲ್ಲಿ ಯೆರೂಸಲೇಮ್ ಬಿದ್ದಾಗ ಇಡೀ ಪುಸ್ತಕ ನೆರವೇರಿ ಮುಗೀತು. ಮುಗಿದ ಕಥೆಗೆ ಯಾಕೆ ಹೆದ್ರೋದು ಅಂತ ಹೇಳಿ ಕ್ಲಾಸ್ ಮುಗ್ಸಿ ಮೇಡಂ.

ಪೇಪರ್‌ಟೌನ್_ಉಪದೇಶಿ
ಕಿಶೋರ್ ಅವ್ರೆ ಅರ್ಧ ಸರಿ. ನೀರೋನ್ ಕೈಸರ್ ಅಂತ ಇಬ್ರಿಯ ಅಕ್ಷರದಲ್ಲಿ ಬರೆದು ಕೂಡಿಸಿದ್ರೆ 50, 200, 6, 50, ಆಮೇಲೆ 100, 60, 200, ಒಟ್ಟು 666 ಬರುತ್ತೆ, ನಿಜ. ಕೊನೇ ನಕಾರ ಬಿಟ್ಟು ನೀರೋ ಅಂತ ಬರೆದ್ರೆ 616, ಕೆಲವು ಹಳೇ ಪ್ರತಿಗಳಲ್ಲಿ 616 ಅಂತನೇ ಇದೆ, ಅದಕ್ಕೇ ಈ ವಾದಕ್ಕೆ ತೂಕ. ಆದ್ರೆ ಅದು 13ನೇ ಅಧ್ಯಾಯ. ಆ ಒಂದು ಹೆಸರು ಸಿಕ್ತು ಅಂತ ಇಡೀ ಪುಸ್ತಕ 70ಕ್ಕೇ ಮುಗೀತು ಅನ್ನೋಕಾಗಲ್ಲ. ಇರೇನಿಯಸ್, ಎರಡನೇ ಶತಮಾನದ ಬಿಷಪ್, ಈ ದರ್ಶನ ದೊಮಿತಿಯಾನ್ ಆಳ್ವಿಕೆ ಕೊನೇಲಿ ಆಯ್ತು ಅಂತಾನೆ, ಅಂದ್ರೆ 95ರ ಆಸುಪಾಸು, ಯೆರೂಸಲೇಮ್ ಬಿದ್ದು ಇಪ್ಪತ್ತೈದು ವರ್ಷ ಆದ್ಮೇಲೆ. ಮತ್ತೆ ಕ್ಲಾಸಲ್ಲಿ "ಮುಗಿದ ಕಥೆ" ಅಂದ್ರೆ ಅಜ್ಜಿ ಕೇಳ್ತಾರೆ, ಹಾಗಾದ್ರೆ 21ನೇ ಅಧ್ಯಾಯದಲ್ಲಿ ಕಣ್ಣೀರು ಒರೆಸ್ತಾನೆ ಅಂತ ಇದ್ಯಲ್ಲಾ ಅದೂ ಮುಗೀತಾ ಅಂತ. ಏನು ಹೇಳ್ತೀರಿ?

ಹಿಸ್ಟರಿ_ಕಿಶೋರ
70ಕ್ಕಿಂತ ಮುಂಚೆ ಬರೆದಿದ್ದು ಅನ್ನೋ ಪಂಡಿತರೂ ಇದ್ದಾರೆ ಸರ್, ಸುಮ್ನೆ ತಳ್ಳಿಹಾಕ್ಬೇಡಿ. ಇರೇನಿಯಸ್ ಒಬ್ಬನ ಮಾತು ನಂಬ್ಕೊಂಡು...

ಪೇಪರ್‌ಟೌನ್_ಉಪದೇಶಿ
ಇದ್ದಾರೆ, ಇಲ್ಲ ಅನ್ನಲ್ಲ. ಹಾಗಾದ್ರೆ ನನ್ನ ಶಾಸನ ಆಮೇಲಿನದ್ದಾಗುತ್ತೆ, ಆದ್ರೂ ಆಗಿನ ರೇಟು ಎಷ್ಟಿತ್ತು ಅಂತ ಗೊತ್ತುಮಾಡ್ಕೊಳ್ಳೋಕೆ ಅದು ಸಾಕು.

ಹೊಸನಗರ_ದೇವದಾಸ
ಎಲ್ಲಾ ಓದ್ತಾ ಇದ್ದೀನಿ. ದೇವರ ವಾಕ್ಯನ ಸಂತೆ ರೇಟಿಗೆ ಇಳಿಸಿಬಿಟ್ರಿ. ಪ್ರವಾದನೆ ಅಂದ್ಮೇಲೆ ಮುಂದೆ ಆಗೋದೇ. ಯುದ್ಧ ಬರ, ಭೂಕಂಪ ಎಲ್ಲಾ ಕಣ್ಮುಂದೆ ಇದೆ, ಮತ್ತಾಯ 24 ಓದಿ. ಜನ ಸ್ವಲ್ಪ ಹೆದರ್ಲಿ ಬಿಡಿ, ಹೆದರಿದ್ರೇನೇ ಪ್ರಾರ್ಥನೆ ಮಾಡೋದು. ನಮ್ಮ ಕಡೆ ಅಡಿಕೆಗೆ ಎಲೆಚುಕ್ಕಿ ರೋಗ ಬಂದು ತೋಟಕ್ಕೆ ತೋಟನೇ ಒಣಗ್ತಿದೆ, ಇದು ಗುರುತಲ್ಲದೆ ಇನ್ನೇನು?

ಪೇಪರ್‌ಟೌನ್_ಉಪದೇಶಿ
ದೇವದಾಸಣ್ಣ, ಮತ್ತಾಯ 24 ನೀವೇ ತೆಗೆದ್ರಿ, ಆರನೇ ವಚನ ಪೂರ್ತಿ ಓದಿ. ಯುದ್ಧದ ಸುದ್ದಿ ಕೇಳಿದಾಗ ಕಳವಳಪಡಬೇಡಿ, ಇದಿನ್ನೂ ಅಂತ್ಯ ಅಲ್ಲ ಅಂತ ಯೇಸುಸ್ವಾಮಿಯೇ ಹೇಳಿದ್ದು. ಯುದ್ಧ ಬರ ಭೂಕಂಪದ ಪಟ್ಟಿ ಅದರ ಹಿಂದೆ ಮುಂದೆನೇ ಇದೆ. ವಿಡಿಯೋದವರು ಪಟ್ಟಿ ಓದ್ತಾರೆ, ಈ ಸಾಲು ಬಿಡ್ತಾರೆ. ಮುಂದೆ ಆಗೋದಿಲ್ಲ ಅಂತ ನಾನೆಲ್ಲೂ ಹೇಳಿಲ್ಲ. ಮೊದಲು ಕೇಳಿದವರಿಗೆ ಏನು ಅರ್ಥ ಆಯ್ತು ಅಂತ ತಿಳ್ಕೊಂಡು ಆಮೇಲೆ ನಮಗೇನು ಅಂತ ಕೇಳೋಣ ಅಂತಷ್ಟೇ.

ಹೊಸನಗರ_ದೇವದಾಸ
ಆ ವಚನ ನನಗೂ ಗೊತ್ತು. ಆದ್ರೆ ಎಚ್ಚರವಾಗಿರಿ ಅಂತಾನೂ ಅದೇ ಅಧ್ಯಾಯದಲ್ಲಿದೆ.

ಅಡಿಕೆ_ಮಂಜಣ್ಣ
ನಾನು ನಿಮ್ಮ ಬೈಬಲ್ ಓದಿದವನಲ್ಲ, ತೀರ್ಥಳ್ಳಿ ಹತ್ರ ತೋಟ. ಎಲೆಚುಕ್ಕಿ ಅಂದ್ರಲ್ಲ ಅದು ಶಿಲೀಂಧ್ರ ಸ್ವಾಮಿ, ಮಳೆ ಜಾಸ್ತಿ ಆಗಿ ತೇವ ನಿಂತ್ರೆ ಹಬ್ಬುತ್ತೆ, ದೇವರನ್ನ ಮಧ್ಯೆ ತರ್ಬೇಡಿ, ಸೋಗೆ ಕಡಿದು ಸುಟ್ಟು ಔಷಧಿ ಹೊಡೀರಿ. ಆದ್ರೆ ಆ ಎಣ್ಣೆ ದ್ರಾಕ್ಷಾರಸಕ್ಕೆ ಕೈ ಹಾಕ್ಬೇಡ ಅನ್ನೋದು ಎಂತ ಕಥೆ? ಊಟಕ್ಕೆ ಗತಿ ಇಲ್ಲ ಅಂದಾಗ ಹೆಂಡಕ್ಕೆ ಯಾಕೆ ಕಾವಲು?

ಪೇಪರ್‌ಟೌನ್_ಉಪದೇಶಿ
ಮಂಜಣ್ಣ ನೀವು ಕೇಳಿದ್ದೇ ಆ ವಚನದ ಗಂಟು. ನಿಮಗೇ ಬೇಗ ಅರ್ಥ ಆಗುತ್ತೆ ನೋಡಿ. ನಮ್ಮ ಕಡೆ ಗದ್ದೆ ಎಲ್ಲಾ ತೋಟ ಆಯ್ತಲ್ಲ, ಅಡಿಕೆಗೆ ರೇಟಿದೆ ಭತ್ತಕ್ಕಿಲ್ಲ ಅಂತ, ಊಟದ ಅಕ್ಕಿ ಹೊರಗಿಂದ ಬರುತ್ತೆ. ಆ ಏಳು ಊರಿನ ಸೀಮೆಲೂ ಹಂಗೇ, ದೊಡ್ಡ ಜಮೀನಿನವರು ದ್ರಾಕ್ಷಿ ಮತ್ತು ಆಲಿವ್ ಅನ್ನೋ ಎಣ್ಣೆಮರ ಹಾಕಿ ದುಡ್ಡು ಮಾಡ್ತಿದ್ರು, ಪಟ್ಟಣಗಳು ಧಾನ್ಯಕ್ಕೆ ಹೊರಗಿನ ದಾರಿ ನೋಡ್ತಿದ್ವು. ಒಂದು ವರ್ಷ ಕೈಕೊಟ್ರೆ ಕೂಲಿಯವನು ಉಪವಾಸ, ತೋಟದವನಿಗೆ ಏನೂ ಆಗಲ್ಲ. ಅದೇ ದೊಮಿತಿಯಾನ್ 92ರ ಸುಮಾರಿಗೆ ಪ್ರಾಂತ್ಯಗಳಲ್ಲಿ ಅರ್ಧ ದ್ರಾಕ್ಷಿತೋಟ ಕಡೀರಿ ಅಂತ ಹುಕುಂ ಮಾಡಿದ, ವೈನ್ ಜಾಸ್ತಿ ಆಗಿ ಗದ್ದೆ ಪಾಳು ಬೀಳ್ತಿದೆ ಅಂತ. ರೋಮಿನ ಚರಿತ್ರೆಕಾರ ಸುಯೆತೋನಿಯಸ್ ಬರೆದಿದ್ದಾನೆ, ಕೊನೆಗೆ ಹುಕುಂ ಜಾರಿನೇ ಆಗ್ಲಿಲ್ಲ ಅಂತಾನೂ ಅವನೇ ಹೇಳ್ತಾನೆ. ತೋಟ ಉಳೀತು. ಅದನ್ನೇ ಯೋಹಾನ ಕುಟುಕ್ತಿದ್ದಾನೆ ಅಂತ ಕೆಲವರು ಹೇಳ್ತಾರೆ.

ಇನ್ನು ಕೆಲವರು ಬೇರೆ ತರ ಓದ್ತಾರೆ. ಎಣ್ಣೆಮರ ದ್ರಾಕ್ಷಿ ಬೇರು ಆಳ, ಒಂದು ವರ್ಷದ ಬರಕ್ಕೆ ಸಾಯಲ್ಲ, ಅಂದ್ರೆ ಬರ ಇಷ್ಟಕ್ಕೇ ನಿಲ್ಲಲಿ ಅಂತ ಮೇಲಿಂದ ಮಿತಿ ಹಾಕಿದ್ದು ಅಂತ. ನನಗೆ ಮೊದಲನೇದು ಹಿಡಿಸುತ್ತೆ, ಎರಡನೇದನ್ನ ಬಿಟ್ಟುಬಿಡೋಕೂ ಮನಸ್ಸಿಲ್ಲ.

ಅಡಿಕೆ_ಮಂಜಣ್ಣ
ಅರ್ಧ ತೋಟ ಕಡೀರಿ ಅಂತ ಇಲ್ಲಿ ಯಾರಾದ್ರೂ ಹುಕುಂ ಮಾಡ್ಲಿ ನೋಡೋಣ 😂 ಅವನ ಹುಕುಂ ಜಾರಿ ಆಗ್ದೇ ಇದ್ದಿದ್ದು ಆಶ್ಚರ್ಯ ಅಲ್ಲ ಬಿಡಿ.

ರಿಪ್ಪನ್‌ಪೇಟೆ_ಲತಾ
ನಮ್ಮ ಮನೆ ಕಥೆ ಹೇಳ್ತೀನಿ. 2011ರ ಮೇ 21ಕ್ಕೆ ಲೋಕ ಮುಗಿಯುತ್ತೆ ಅಂತ ಅಮೆರಿಕದ ಹೆರಾಲ್ಡ್ ಕ್ಯಾಂಪಿಂಗ್ ಅನ್ನೋ ರೇಡಿಯೋ ಮನುಷ್ಯ ಹೇಳಿದ್ದು ನೆನಪಿದ್ಯಾ, ನಮ್ಮ ಚಿಕ್ಕಪ್ಪ ಯಾರೋ ಕೊಟ್ಟ ಕರಪತ್ರ ಓದಿ ಪೂರಾ ನಂಬಿಬಿಟ್ರು. ಸೊಸೈಟಿ ಸಾಲ ಕಟ್ಟೋದು ನಿಲ್ಸಿದ್ರು, ಮೇ ಆದ್ಮೇಲೆ ಕೇಳೋರು ಯಾರು ಅಂತ. ಕರೆಯೋ ಎಮ್ಮೆ ಮಾರಿದ್ರು. ಮೇ 22ಕ್ಕೆ ಚಿಕ್ಕಮ್ಮ ಹಾಲಿಗೆ ಪಕ್ಕದ ಮನೆಗೆ ಚೊಂಬು ಹಿಡ್ಕೊಂಡು ಹೋದ್ರು. ಆ ಮನುಷ್ಯ ಆಮೇಲೆ ಅಕ್ಟೋಬರ್ 21 ಅಂದ, ಅದೂ ಹೋಯ್ತು, ಮುಂದಿನ ವರ್ಷ ತಾರೀಕು ಹೇಳಿದ್ದೇ ತಪ್ಪು ಅಂತ ಒಪ್ಕೊಂಡ. ಚಿಕ್ಕಪ್ಪಂಗೆ ಸೊಸೈಟಿ ಬಡ್ಡಿ ಬಿಡ್ಲಿಲ್ಲ. ನಮ್ಮನೇಲಿ ಈಗ್ಲೂ ಜಗಳ ಬಂದ್ರೆ ಎಮ್ಮೆ ವಿಷಯ ಬರುತ್ತೆ. ಟೀಚರಮ್ಮ, ಶಾಸನ ಎಲ್ಲಾ ಸರಿ, ಆ ಮನೆ ನಿಲ್ಲಿಸಿದವರ ಹತ್ರ ಬ್ಯಾಂಕ್ ಲೋನ್ ಇದ್ಯಾ ಅಂತ ಮೊದ್ಲು ಕೇಳಿ.

ತೀರ್ಥಳ್ಳಿ_ಸುಬ್ಬು
ಎಮ್ಮೆ ಯಾವ ತಳಿ? 😂

ರಿಪ್ಪನ್‌ಪೇಟೆ_ಲತಾ
ಸುಬ್ಬಣ್ಣ ನಿಮಗೆ ಬೇರೆ ಕೆಲಸ ಇಲ್ಲ.

ಟೀಚರಮ್ಮ_ಶಿವಮೊಗ್ಗ
ಲತಾ, ಲೋನ್ ಇದೆಯಮ್ಮಾ, ಅದಕ್ಕೇ ನನಗೂ ಚಿಂತೆ. ಅಯ್ಯನವರೇ, ನನಗೆ ಸಿಗೋದು ಮುಕ್ಕಾಲು ಗಂಟೆ, ಆಮೇಲೆ ಕಾಫಿ ಅಂತ ಎದ್ದುಬಿಡ್ತಾರೆ. ಯಾವ ಕ್ರಮದಲ್ಲಿ ಮಾಡ್ಲಿ? ಬೋರ್ಡ್ ಮೇಲೆ ನಾಲ್ಕು ಕುದುರೆ ಚಾರ್ಟ್ ಬರೆದು ಒಂದೊಂದಕ್ಕೂ ಅರ್ಥ ಬರೆಯೋಣ ಅಂತಿದ್ದೆ.

ಪೇಪರ್‌ಟೌನ್_ಉಪದೇಶಿ
ಚಾರ್ಟ್ ಬೇಡಮ್ಮ. ಚಾರ್ಟ್ ಹಾಕಿದ ಕೂಡ್ಲೇ ಜನ ಖಾಲಿ ಕಾಲಮ್ಮಿಗೆ ದೇಶದ ಹೆಸರು ತುಂಬೋಕೆ ಶುರುಮಾಡ್ತಾರೆ, ವಿಡಿಯೋದವರು ಮಾಡೋದೂ ಅದನ್ನೇ.

ನಾನಾದ್ರೆ ಹೀಗೆ ಮಾಡ್ತೀನಿ. ಮೊದಲು ಐದನೇ ಅಧ್ಯಾಯದಿಂದ ಒಂದಷ್ಟು ಓದ್ಸಿ, ಸುರುಳಿಯ ಒಂದೊಂದು ಮುದ್ರೆ ಒಡೆದಾಗ ಒಂದೊಂದು ಕುದುರೆ ಹೊರಡೋದು, ಆ ಮುದ್ರೆ ಒಡೆಯೋನು ಯಾರು ಅಂತ ಗೊತ್ತಾಗ್ಬೇಕು, ಕೊಯ್ಯಲ್ಪಟ್ಟ ಕುರಿಮರಿ. ಕುದುರೆಗಳು ತಾವಾಗೇ ಬಿಚ್ಕೊಂಡು ಬಂದಿದ್ದಲ್ಲ. ಆಮೇಲೆ ಆರನೇ ಅಧ್ಯಾಯ ಪೂರ್ತಿ, ಹದಿನೇಳೇ ವಚನ, ಮಧ್ಯೆ ನಿಲ್ಲಿಸ್ದೆ ಒಬ್ಬರು ಜೋರಾಗಿ ಓದ್ಲಿ. ಈ ಪುಸ್ತಕ ಬರೆದಿದ್ದೇ ಗಟ್ಟಿಯಾಗಿ ಓದಿ ಹೇಳೋಕೆ, ಒಂದನೇ ಅಧ್ಯಾಯ ಮೂರನೇ ವಚನದಲ್ಲಿ ಓದುವವನು ಕೇಳುವವರು ಅಂತ ಬೇರೆ ಬೇರೆ ಹೇಳಿದೆ. ಓದಿ ಮುಗಿದ್ಮೇಲೆ ಒಂದೇ ಪ್ರಶ್ನೆ ಕೇಳಿ, ಸವಾರರಿಗೆ ಏನೇನು ಕೊಟ್ರು, ಎಷ್ಟು ಕೊಟ್ರು? ಕೆಂಪು ಕುದುರೆಯವನಿಗೆ ಕತ್ತಿ ಕೊಡ್ತಾರೆ, ಅವನದ್ದಲ್ಲ. ಕಪ್ಪು ಕುದುರೆಗೆ ರೇಟು ಹೇಳಿ ಎಣ್ಣೆ ಮುಟ್ಬೇಡ ಅಂತಾರೆ. ಕೊನೇ ಕುದುರೆಗೆ ಭೂಮಿಯ ನಾಲ್ಕನೇ ಒಂದು ಭಾಗದ ಮೇಲೆ ಅಧಿಕಾರ, ಅದಕ್ಕಿಂತ ಜಾಸ್ತಿ ಇಲ್ಲ. ಜನರ ಕೈಯಲ್ಲೇ ಇದನ್ನ ಹುಡುಕಿಸಿ, ನೀವು ಹೇಳ್ಬೇಡಿ. ಆಮೇಲೆ ಕೂಲಿ ಗೋಧಿ ಲೆಕ್ಕಕ್ಕೆ ಹದಿನೈದು ನಿಮಿಷ ಕೊಡಿ.

ಮುಖ್ಯವಾದ್ದು ಇದು, ಹದಿನೇಳನೇ ವಚನದಲ್ಲಿ ಕ್ಲಾಸ್ ನಿಲ್ಲಿಸ್ಬೇಡಿ. ಅದು ಪ್ರಶ್ನೆಯಲ್ಲಿ ಮುಗಿಯುತ್ತೆ, ಯಾರು ನಿಲ್ಲೋಕಾಗುತ್ತೆ ಅಂತ. ಉತ್ತರ ಏಳನೇ ಅಧ್ಯಾಯ. ನಾಲ್ಕು ದೂತರು ಗಾಳಿ ಹಿಡಿದು ನಿಲ್ಲಿಸ್ತಾರೆ, ಆಮೇಲೆ ಎಣಿಸೋಕಾಗದಷ್ಟು ಜನ ಸಿಂಹಾಸನದ ಮುಂದೆ ನಿಂತಿರ್ತಾರೆ, ಅವರಿಗೆ ಇನ್ನು ಹಸಿವಾಗಲ್ಲ ಅಂತ ಬರುತ್ತೆ. ಕಪ್ಪು ಕುದುರೆಗೆ ಅಲ್ಲಿ ಜವಾಬು. ಅಧ್ಯಾಯ ಅಂತ ಭಾಗ ಮಾಡಿದ್ದು ಹದಿಮೂರನೇ ಶತಮಾನದವರು, ಯೋಹಾನ ಅಲ್ಲಿ ಗೆರೆ ಎಳೆದಿರಲಿಲ್ಲ. ಆರಕ್ಕೆ ನಿಲ್ಲಿಸಿ ಕಾಫಿಗೆ ಕಳಿಸಿದ್ರೆ ಜನ ಪ್ರಶ್ನೆ ತಗೊಂಡು ಮನೆಗೆ ಹೋಗ್ತಾರೆ, ರಾತ್ರಿ ಉತ್ತರ ಕೊಡೋಕೆ ವಿಡಿಯೋದವರು ಕಾಯ್ತಿರ್ತಾರೆ.

ಕ್ಲಾಸ್ ಸರಿ ಹೋಯ್ತೋ ಇಲ್ವೋ ಅಂತ ಕಾಫಿ ಹೊತ್ತಲ್ಲಿ ಕಿವಿಗೊಟ್ರೆ ಗೊತ್ತಾಗುತ್ತೆ. "ಕೆಂಪು ಕುದುರೆ ಯಾವ ದೇಶ" ಅಂತ ಕೇಳ್ತಿದ್ರೆ ಇಳಿದಿಲ್ಲ ಅಂತ. "ಆಗ ಧಾನ್ಯ ಬಚ್ಚಿಟ್ಟವರು ಯಾರು, ಸಭೆಯವರು ಅವರಿಗೆ ಏನು ಹೇಳಿದ್ರು" ಅಂತ ಕೇಳಿದ್ರೆ ಇಳೀತು.

ತೀರ್ಥಳ್ಳಿ_ಸುಬ್ಬು
ನೋಡಿ ನಾನೂ ಏಳಕ್ಕೆ ಹೋಗಿ ಅಂತನೇ ಹೇಳಿದ್ದು.

ಪೇಪರ್‌ಟೌನ್_ಉಪದೇಶಿ
ನೀವು ಆರನ್ನ ಹಾರಿಸಿ ಹೋಗಿ ಅಂದ್ರಿ ಸುಬ್ಬಣ್ಣ, ಹಾರಿಸಿದ್ರೆ "ಹಸಿವಾಗಲ್ಲ" ಅನ್ನೋದಕ್ಕೆ ಅರ್ಥನೇ ಇರಲ್ಲ.

ನರ್ಸ್_ಶಾಂತಾ
ಒಂದು ಮಾತು. ಕ್ಲಾಸಲ್ಲಿ ಯಾರಾದ್ರೂ ವಾರಗಟ್ಲೆ ನಿದ್ದೆ ಇಲ್ಲ, ಊಟ ಬಿಟ್ಟಿದ್ದಾರೆ, ಎದೆ ಹೊಡ್ಕೊಳ್ಳುತ್ತೆ ಅಂದ್ರೆ ಅದು ವಚನದಿಂದ ಸರಿ ಹೋಗೋದಲ್ಲ ಮೇಡಂ, ಡಾಕ್ಟರ್ ಹತ್ರ ಕಳಿಸಿ. ಮೊದಲು ಫೋನಲ್ಲಿ ಮಾತಾಡ್ಬೇಕಂದ್ರೆ ಟೆಲಿ ಮಾನಸ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಮತ್ತೆ ಆ ಅಜ್ಜಿ ಅಕ್ಕಿ ಡ್ರಮ್ಮಿಗೆ ಹುಳಕ್ಕೆ ಅಂತ ಮಾತ್ರೆ ಗೀತ್ರೆ ಹಾಕ್ದೇ ಇರ್ಲಿ, ಮಲಗೋ ರೂಮಲ್ಲಿ ಇಟ್ರಂತೂ ಜೀವಕ್ಕೇ ಅಪಾಯ. ಬಿಸಿಲಿಗೆ ಹರವಿ ಕೇರಿ ಬೇಗ ತಿಂದು ಮುಗಿಸೋಕೆ ಹೇಳಿ.

ಟೀಚರಮ್ಮ_ಶಿವಮೊಗ್ಗ
ಮಾತ್ರೆ ವಿಷಯ ಹೇಳಿದ್ದು ಒಳ್ಳೇದಾಯ್ತು ಶಾಂತಾ, ಇವತ್ತೇ ಫೋನ್ ಮಾಡ್ತೀನಿ.

ಹೊಸನಗರ_ದೇವದಾಸ
ಉಪದೇಶಿಯವರೇ, ಬಿಳಿ ಕುದುರೆ ಬಗ್ಗೆ ನೀವು ಮಾತೇ ಆಡ್ಲಿಲ್ಲ. ಅದು ಕ್ರಿಸ್ತನಾ ಕ್ರಿಸ್ತವಿರೋಧಿನಾ?

ಪೇಪರ್‌ಟೌನ್_ಉಪದೇಶಿ
ಅದಕ್ಕೇ ಬೇಕಂತಲೇ ಬಿಟ್ಟೆ ಅಣ್ಣ. 19ನೇ ಅಧ್ಯಾಯದಲ್ಲೂ ಬಿಳಿ ಕುದುರೆ ಇದೆ ಅದು ಕ್ರಿಸ್ತ, ಹಾಗಾಗಿ ಇದೂ ಕ್ರಿಸ್ತ ಅಂತ ಇರೇನಿಯಸ್ ಕಾಲದಿಂದ ಹೇಳ್ತಾ ಬಂದಿದ್ದಾರೆ. ಆದ್ರೆ ಅಲ್ಲಿ ಬಾಯಿಂದ ಕತ್ತಿ, ಇಲ್ಲಿ ಕೈಯಲ್ಲಿ ಬಿಲ್ಲು. ಕುದುರೆ ಮೇಲೆ ಕೂತು ಬಾಣ ಬಿಡೋದ್ರಲ್ಲಿ ಹೆಸರುವಾಸಿ ಆಗಿದ್ದವರು ರೋಮಿನ ಪೂರ್ವ ಗಡಿಯ ಆಚೆ ಪಾರ್ಥಿಯದವರು, ಕ್ರಿ.ಪೂ. 53ರಲ್ಲಿ ಕರ್ರೆ ಹತ್ರ ರೋಮಿನ ದೊಡ್ಡ ಸೈನ್ಯನೇ ನುಂಗಿದ್ರು, ಆ ಹೆದರಿಕೆ ರೋಮನ್ನರಿಗೆ ಯಾವತ್ತೂ ಹೋಗಿರಲಿಲ್ಲ. ದಂಡು ಬರುತ್ತೆ, ರಕ್ತ ಹರಿಯುತ್ತೆ, ಬೆಲೆ ಏರುತ್ತೆ, ರೋಗ ಸಾವು ಹಿಂದೆನೇ ಬರುತ್ತೆ, ಈ ನಾಲ್ಕೂ ಒಂದರ ಬಾಲ ಹಿಡ್ಕೊಂಡು ಒಂದು ಬರೋದು ಯಾವ ಯುದ್ಧದಲ್ಲಾದ್ರೂ ಕಾಣುತ್ತೆ. ಅದಕ್ಕೆ ನಾನು ಆ ಕಡೆ ವಾಲ್ತೀನಿ. ನೀವು ಕ್ರಿಸ್ತ ಅಂದ್ರೆ ನಾನು ಜಗಳ ಆಡಲ್ಲ.

ಹೊಸನಗರ_ದೇವದಾಸ
ನಾನು ಕ್ರಿಸ್ತನೂ ಅನ್ನಲ್ಲ. ಕ್ರಿಸ್ತವಿರೋಧಿ. ಬಿಲ್ಲಿದೆ, ಬಾಣ ಇಲ್ಲ ನೋಡಿ, ಸುಳ್ಳು ಶಾಂತಿ.

ಹಿಸ್ಟರಿ_ಕಿಶೋರ
ಬಾಣದ ಹೆಸರು ಹೇಳಿಲ್ಲ ಅಂದ್ರೆ ಬಾಣ ಇಲ್ಲ ಅಂತನಾ, ಕುದುರೆಗೆ ಲಗಾಮಿದೆ ಅಂತಾನೂ ಬರೆದಿಲ್ಲ ಅಣ್ಣ.

ಹೊಸನಗರ_ದೇವದಾಸ
ನಿಮ್ಮ ಹತ್ರ ವಾದ ಮಾಡೋಕಾಗಲ್ಲಪ್ಪ. ಟೀಚರಮ್ಮ, ಆ ಕೂಲಿ ಲೆಕ್ಕ ಮಾತ್ರ ಚೆನ್ನಾಗಿದೆ, ನಮ್ಮ ಕಾಟೇಜ್ ಪ್ರಾರ್ಥನೆಲೂ ಕೇಳ್ತೀನಿ. ಹೆದರ್ಬೇಕು ಅನ್ನೋದನ್ನ ನಾನು ಬಿಟ್ಟಿಲ್ಲ.

ಸೊರಬದ_ಹುಡುಗ
ಒಂಬತ್ತನೇ ಅಧ್ಯಾಯದಲ್ಲಿ ಮಿಡತೆ ಬರುತ್ತೆ ಅಂತ ಗೂಗಲ್ ಮಾಡ್ದೆ, ಮನುಷ್ಯರ ಮುಖ ಇರೋ ಮಿಡತೆ ಅಂತೆ, ಅದು ಡ್ರೋನ್ ಅಂತ ಒಬ್ಬ ವಿಡಿಯೋ ಮಾಡಿದ್ದಾನೆ, ನಿಜನಾ ಸರ್?

ಪೇಪರ್‌ಟೌನ್_ಉಪದೇಶಿ
ತಮ್ಮಾ ಮೊದ್ಲು ಹಳೇ ಒಡಂಬಡಿಕೆಯ ಯೋವೇಲ ಪುಸ್ತಕದ ಎರಡನೇ ಅಧ್ಯಾಯ ಓದು, ಅಲ್ಲಿ ಮಿಡತೆ ದಂಡು ಕುದುರೆ ತರ ಕಾಣುತ್ತೆ ಅಂತಿದೆ, ಯೋಹಾನ ಅಲ್ಲಿಂದ ತಗೊಂಡಿರೋದು. ಡ್ರೋನ್ ಪಾಡಿಗೆ ಬೇರೆ ಥ್ರೆಡ್ ಹಾಕು, ಟೀಚರಮ್ಮ ಆರನ್ನೇ ಇನ್ನೂ ಮುಗಿಸಿಲ್ಲ.